ಖಾರವಿಲ್ಲದ ಖಾರದ ಪುಡಿ: ವಾರದ ದೂರುಗಳ ಲೆಕ್ಕ

ಸಂತೆಯಲ್ಲಿ ಮೆಣಸಿನಪುಡಿ ಮಾರುವವರಿಗೆ ಗಿರಾಕಿಯ ಮನಸ್ಸು ತಿಳಿಯಲು ಲೆಕ್ಕದ ಪುಸ್ತಕ ಬೇಕಿಲ್ಲ. ಹೋದ ವಾರ ಒಯ್ದವರು ಈ ವಾರ ಎದುರಿಗೇ ಬಂದು ನಿಲ್ಲುತ್ತಾರೆ. ಚಿಟಿಕೆ ಪುಡಿ ನಾಲಿಗೆಗೆ ಹಚ್ಚಿಕೊಂಡು, ‘ಹೋದ ಸಲದ್ದು ಇಷ್ಟು ಚಲೋ ಇರಲಿಲ್ಲ’ ಎಂದು ಮುಖಕ್ಕೇ ಹೇಳುತ್ತಾರೆ. ಮಾರುವವಳು ಅಲ್ಲೇ ಸಮಜಾಯಿಷಿ ಕೊಡುತ್ತಾಳೆ, ಇಲ್ಲವೇ ಒಂದು ಹಿಡಿ ಹೆಚ್ಚಿಗೆ ಹಾಕಿ ಕಳಿಸುತ್ತಾಳೆ. ಅದೇ ಪುಡಿ ಆನ್‌ಲೈನ್ ಮಾರಾಟ ತಾಣಕ್ಕೆ ಹತ್ತಿದರೆ ಗಿರಾಕಿಯ ಮುಖ ಮಾಯವಾಗುತ್ತದೆ. ಉಳಿಯುವುದು ಐದು ನಕ್ಷತ್ರಗಳ ಒಂದು ಸಾಲು, ಅದರ ಕೆಳಗೆ ಯಾರೋ ಅವಸರದಲ್ಲಿ ಬರೆದ ಎರಡು ಮಾತು.

ಇಂಥ ಮಾತುಗಳನ್ನು ದಿನಾ ಬಿಡಿಬಿಡಿಯಾಗಿ ಓದುವ ಮಾರಾಟಗಾರ ಬೇಗ ದಣಿಯುತ್ತಾನೆ. ಬೆಳಿಗ್ಗೆ ಬಂದ ಹೊಗಳಿಕೆಗೆ ಹಿಗ್ಗುತ್ತಾನೆ, ಸಂಜೆಯ ಬೈಗುಳಕ್ಕೆ ಕುಗ್ಗುತ್ತಾನೆ. ಎರಡರಿಂದಲೂ ಸರಕು ಸುಧಾರಿಸುವುದಿಲ್ಲ. ಅದಕ್ಕೇ ಅನುಭವಿ ಮಾರಾಟಗಾರರು ವಾರಕ್ಕೊಮ್ಮೆ ಕುಳಿತು ರೇಟಿಂಗ್, ರಿವ್ಯೂಗಳನ್ನೆಲ್ಲ ಒಂದು ಪುಟಕ್ಕೆ ಇಳಿಸುತ್ತಾರೆ. ಆ ಪುಟವನ್ನು ‘ವಾರದ ಸಾರ’ ಎನ್ನೋಣ. ಅದರಲ್ಲಿ ಹುಡುಕಬೇಕಾದದ್ದು ಒಂದೇ: ಯಾವ ದೂರು ಮರಳಿ ಮರಳಿ ಬರುತ್ತಿದೆ, ಮತ್ತು ಅದು ಮರಳುವ ರೀತಿ ಎಂಥದ್ದು.

ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹಾವೇರಿ ಜಿಲ್ಲೆಯಲ್ಲಿ ಅಕ್ಕ, ತಮ್ಮ ಸೇರಿ ನಡೆಸುವ ಚಿಕ್ಕ ಮಸಾಲೆ ಘಟಕ. ಅಕ್ಕನದು ಗಿರಣಿ ಮತ್ತು ಪ್ಯಾಕಿಂಗ್, ತಮ್ಮನದು ಆನ್‌ಲೈನ್ ಖಾತೆ. ಸರಕು ಒಂದೇ, ಬ್ಯಾಡಗಿ ಮೆಣಸಿನಕಾಯಿ ಪುಡಿ. ಪೊಟ್ಟಣಗಳು ಎರಡು, 250 ಗ್ರಾಂ ಮತ್ತು 500 ಗ್ರಾಂ. ಈ ಘಟಕವೂ ಅದರ ಅಂಕಿಗಳೂ ಕಲ್ಪಿತ. ಆದರೆ ಇಲ್ಲಿ ಬರುವ ದೂರುಗಳು ಮೆಣಸಿನಪುಡಿ ಮಾರುವ ಯಾರಿಗೂ ಹೊಸವಲ್ಲ.

ಸರಾಸರಿ ಮುಚ್ಚಿಡುವ ಸುದ್ದಿ

ಸೋಮವಾರದಿಂದ ಭಾನುವಾರದವರೆಗಿನ ಆ ಒಂದು ವಾರದಲ್ಲಿ 420 ಆರ್ಡರುಗಳು ಮನೆ ಮುಟ್ಟಿವೆ. ರೇಟಿಂಗ್ ಕೊಟ್ಟವರು 38 ಮಂದಿ. ಐದು ನಕ್ಷತ್ರ 19, ನಾಲ್ಕು ನಕ್ಷತ್ರ 6, ಮೂರು ನಕ್ಷತ್ರ 4, ಎರಡು ನಕ್ಷತ್ರ 3, ಒಂದೇ ನಕ್ಷತ್ರ 6. ಎಲ್ಲ ಕೂಡಿಸಿದರೆ 143 ನಕ್ಷತ್ರ; 38ರಿಂದ ಭಾಗಿಸಿದರೆ ವಾರದ ಸರಾಸರಿ ಸುಮಾರು 3.8.

ಈಗ ಅಂಗಡಿಯ ಪುಟ ನೋಡಿ. ಅಲ್ಲಿ ಈ ಮೊದಲೇ 900 ರೇಟಿಂಗ್ ಸೇರಿದ್ದು, ಸರಾಸರಿ 4.2 ಇತ್ತು. ಹೊಸ 38 ಸೇರಿದ ಮೇಲೆ ಅದು 4.18 ಆಗುತ್ತದೆ. ಪರದೆಯ ಮೇಲೆ ಕಾಣುವುದು ಮಾತ್ರ ಅದೇ 4.2. ಅಂದರೆ ಈ ವಾರ ಏನೋ ಕೆಟ್ಟಿದೆ, ಆದರೆ ಅಂಗಡಿಯ ಮುಖಬೆಲೆ ಕದಲಿಲ್ಲ. ಅದು 4.1ಕ್ಕೆ ಇಳಿದು ಕಣ್ಣಿಗೆ ಬೀಳುವ ಹೊತ್ತಿಗೆ ಇಂಥ ಇನ್ನೂ ಕೆಲವು ವಾರಗಳು ಕಳೆದಿರುತ್ತವೆ, ನೂರಾರು ಕೆಟ್ಟ ಪೊಟ್ಟಣಗಳು ಊರು ಸೇರಿರುತ್ತವೆ. ಸಾಲದ್ದಕ್ಕೆ ಎಲ್ಲ ತಾಣಗಳೂ ಇಷ್ಟು ಸರಳವಾಗಿ ಭಾಗಾಕಾರ ಮಾಡುವುದಿಲ್ಲ. ಅಮೆಜಾನ್ ತಾಣವೇ ಹೇಳಿಕೊಂಡಿರುವಂತೆ, ರಿವ್ಯೂ ಎಷ್ಟು ಹೊಸದು, ಬರೆದವರು ನಿಜಕ್ಕೂ ಕೊಂಡವರೇ ಎಂಬುದನ್ನೆಲ್ಲ ತೂಗಿ ಅದು ನಕ್ಷತ್ರ ತೋರಿಸುತ್ತದೆ. ಹಾಗಾಗಿ ಪರದೆಯ ಸಂಖ್ಯೆ ಕೊಳ್ಳುವವರ ಕಣ್ಣಿಗಾಗಿ ಇರುವಂಥದ್ದು. ಮಾರುವವರು ತಮ್ಮ ಲೆಕ್ಕ ತಾವೇ ಇಡಬೇಕು.

ಇನ್ನೊಂದು ಮಾತು. 420ರಲ್ಲಿ ಬಾಯಿ ಬಿಟ್ಟವರು 38, ಅಂದರೆ ನೂರಕ್ಕೆ ಒಂಬತ್ತು. ಅವರಲ್ಲೂ ಅಕ್ಷರದಲ್ಲಿ ಬರೆದವರು 17 ಮಾತ್ರ. ಉಳಿದವರು ನಕ್ಷತ್ರ ಒತ್ತಿ ಸುಮ್ಮನಾಗಿದ್ದಾರೆ. ತುಂಬ ಹಿಡಿಸಿದವರೂ ತುಂಬ ಸಿಟ್ಟಾದವರೂ ಬರೆಯುತ್ತಾರೆ, ನಡುವಿನವರು ಮಾತಾಡುವುದಿಲ್ಲ. ಹಾಗಾಗಿ ಈ 17 ಬರಹಗಳನ್ನು ಜನಾಭಿಪ್ರಾಯ ಎಂದು ತಿಳಿಯಬಾರದು. ಎಲ್ಲಿ ಅಗೆಯಬೇಕು ಎಂಬ ಗುರುತು ಸಿಕ್ಕರೆ ಅಷ್ಟೇ ಸಾಕು.

ಒಂದೊಂದು ಮಾತಿಗೂ ಒಂದು ಬುಟ್ಟಿ

ಮುಂದಿನ ಕೆಲಸ, 17 ಬರಹಗಳನ್ನೂ ಓದಿ ದೂರುಗಳನ್ನು ವಿಂಗಡಿಸುವುದು. ತಮ್ಮ ಒಂದು ಹಾಳೆಯ ಮೇಲೆ ಬುಟ್ಟಿಗಳನ್ನು ಬರೆದುಕೊಳ್ಳುತ್ತಾನೆ: ರುಚಿ, ಪೊಟ್ಟಣ, ಗಂಟು, ಹುಳ, ತಲುಪಿದ್ದು ತಡ. ಬುಟ್ಟಿ ಏಳೆಂಟಕ್ಕಿಂತ ಹೆಚ್ಚಾಗದಿದ್ದರೆ ಒಳ್ಳೆಯದು. ಹೆಚ್ಚಾದಷ್ಟೂ ಪ್ರತಿ ಬುಟ್ಟಿಗೆ ಒಂದೊಂದೇ ದೂರು ಬಿದ್ದು, ಮರುಕಳಿಸುತ್ತಿರುವುದು ಯಾವುದೆಂಬುದೇ ಕಾಣದೆ ಹೋಗುತ್ತದೆ.

ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಒಂದು, ಕಡಿಮೆ ನಕ್ಷತ್ರದ ರಿವ್ಯೂಗಳಷ್ಟನ್ನೇ ಓದುವುದು. ‘ಪುಡಿ ಬಹಳ ಚೆನ್ನಾಗಿದೆ, ಆದರೆ ಪೊಟ್ಟಣದ ಮೂಲೆಯಿಂದ ಸೋರಿತ್ತು’ ಎಂದು ಬರೆದು ನಾಲ್ಕು ನಕ್ಷತ್ರ ಕೊಟ್ಟವರಿರುತ್ತಾರೆ. ಅವರು ಒಳ್ಳೆಯ ಮನಸ್ಸಿನಿಂದ ದೂರನ್ನು ಮೆತ್ತಗೆ ಹೇಳಿದ್ದಾರೆ, ಸೋರಿದ್ದಂತೂ ಸೋರಿದ್ದೇ. ಇನ್ನೊಂದು, ಪದ ಹುಡುಕಿ ಎಣಿಸುವುದು. ‘ಖಾರ’ ಎಂದು ಹುಡುಕಿದರೆ ‘ಖಾರವೇ ಇಲ್ಲ’ ಎಂಬುದೂ ಸಿಗುತ್ತದೆ, ‘ಖಾರ ಕಡಿಮೆ, ಮಕ್ಕಳ ಸಾರಿಗೆ ಹೇಳಿ ಮಾಡಿಸಿದಂತಿದೆ’ ಎಂಬುದೂ ಸಿಗುತ್ತದೆ. ಮೊದಲನೆಯದು ದೂರು, ಎರಡನೆಯದು ಹೊಗಳಿಕೆ. ಅಲ್ಲದೆ ಒಬ್ಬರು ಕನ್ನಡದಲ್ಲಿ ಬರೆದರೆ ಇನ್ನೊಬ್ಬರು ಹಿಂದಿಯಲ್ಲಿ ಬರೆಯುತ್ತಾರೆ, ಮತ್ತೊಬ್ಬರು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ತಮಗೆ ತೋಚಿದಂತೆ ಬರೆಯುತ್ತಾರೆ. ವಾರಕ್ಕೆ ಹದಿನೇಳು ಬರಹವಾದರೆ ಕಣ್ಣಾಡಿಸಿ ಓದುವುದೇ ವಾಸಿ. ಅರ್ಧ ಗಂಟೆಯ ಕೆಲಸ.

ಓದಿ ಮುಗಿಸಿದಾಗ ಸಿಕ್ಕ ಲೆಕ್ಕ ಇದು. ಬರೀ ಹೊಗಳಿಕೆ 6. ದೂರಿರುವ ಬರಹ 11, ಅವುಗಳಲ್ಲಿ ಎರಡರಲ್ಲಿ ಎರಡೆರಡು ದೂರು ಇರುವುದರಿಂದ ಒಟ್ಟು ದೂರು 13. ಖಾರವಿಲ್ಲ ಎಂದವರು 5 ಮಂದಿ, ಪೊಟ್ಟಣ ಸೋರಿದೆ ಎಂದವರು 4, ತಡವಾಗಿ ಬಂತು ಎಂದವರು 2. ಪುಡಿ ಗಂಟುಗಟ್ಟಿದೆ ಎಂದು ಒಬ್ಬರು, ಹುಳ ಕಂಡಿತು ಎಂದು ಒಬ್ಬರು.

ಇಷ್ಟಕ್ಕೇ ನಿಲ್ಲಿಸಿದರೆ ‘ಖಾರ ಮೊದಲು, ಪೊಟ್ಟಣ ಎರಡನೆಯದು’ ಎಂಬ ಪಟ್ಟಿಯಾಗುತ್ತದೆ. ಬಹಳಷ್ಟು ವಾರದ ಸಾರಗಳು ಇಲ್ಲಿಗೇ ಮುಗಿಯುತ್ತವೆ, ಅದಕ್ಕೇ ಅವುಗಳಿಂದ ಉಪಯೋಗವೂ ಆಗುವುದಿಲ್ಲ. ಹಿಂದಿನ ನಾಲ್ಕು ವಾರಗಳ ಅಂಕಿಯನ್ನು ಪಕ್ಕದಲ್ಲಿಟ್ಟಾಗ ಚಿತ್ರ ಬದಲಾಗುತ್ತದೆ. ಖಾರದ ದೂರು ಆ ನಾಲ್ಕು ವಾರಗಳಲ್ಲಿ ಕ್ರಮವಾಗಿ 4, 5, 3, 6. ಈ ವಾರ 5. ಸೋರಿಕೆಯ ದೂರು ನಾಲ್ಕು ವಾರಕ್ಕೂ ಸೇರಿ ಸುಮಾರು 1,640 ಆರ್ಡರಿಗೆ ಕೇವಲ 3. ಈ ವಾರವೊಂದರಲ್ಲೇ 4.

ಒಂದು ದೂರು ಸದಾ ಒಂದೇ ಮಟ್ಟದಲ್ಲಿ ಹರಿಯುತ್ತಿದೆ, ಇನ್ನೊಂದು ಇದ್ದಕ್ಕಿದ್ದಂತೆ ಎದ್ದಿದೆ. ಎರಡೂ ಮರುಕಳಿಸುವ ದೂರುಗಳೇ, ಆದರೆ ಜಾತಿ ಬೇರೆ. ಇದ್ದಕ್ಕಿದ್ದಂತೆ ಎದ್ದದ್ದರ ಹಿಂದೆ ಈಚೆಗೆ ಬದಲಾದ ಏನೋ ಒಂದು ಇರುತ್ತದೆ: ಹೊಸ ಪೊಟ್ಟಣ, ಹೊಸ ಕೆಲಸದವರು, ಹೊಸ ಬ್ಯಾಚು. ಸದಾ ಹರಿಯುವುದರ ಹಿಂದೆ ಯಾವ ಬದಲಾವಣೆಯೂ ಇರುವುದಿಲ್ಲ. ಅದು ಮೊದಲ ದಿನದಿಂದ ಇರುವ ತಪ್ಪು.

ಸೋರಿದ ಅರ್ಧ ಕಿಲೋ

ಇದ್ದಕ್ಕಿದ್ದಂತೆ ಎದ್ದದ್ದನ್ನು ಮೊದಲು ಹಿಡಿಯಬೇಕು, ಏಕೆಂದರೆ ಅದು ಇನ್ನೂ ಬೆಳೆಯುತ್ತಿರುತ್ತದೆ. ರಿವ್ಯೂದಲ್ಲಿ ಆರ್ಡರ್ ಸಂಖ್ಯೆ ಇರುವುದಿಲ್ಲ, ಬರೆದವರ ನಿಜ ಹೆಸರೂ ಇರಬೇಕೆಂದಿಲ್ಲ. ಆದರೆ ಯಾವ ಗಾತ್ರ ಕೊಂಡರು ಎಂಬುದು ಸಾಮಾನ್ಯವಾಗಿ ರಿವ್ಯೂ ಪಕ್ಕದಲ್ಲೇ ನಮೂದಾಗಿರುತ್ತದೆ. ಸೋರಿದ ನಾಲ್ಕೂ 500 ಗ್ರಾಂ ಪೊಟ್ಟಣಗಳು. ಆ ವಾರದ 420ರಲ್ಲಿ 500 ಗ್ರಾಂನವು ಬರೀ 110. ಅಂದರೆ ದೂರನ್ನು 420ಕ್ಕೆ ಹಂಚಿದರೆ ನೂರಕ್ಕೆ ಒಂದೂ ಇಲ್ಲ. ಸರಿಯಾದ ಗುಂಪಾದ 110ಕ್ಕೆ ಹಂಚಿದರೆ ನೂರಕ್ಕೆ ಮೂರೂವರೆಗಿಂತ ಹೆಚ್ಚು. ಯಾವುದರಿಂದ ಭಾಗಿಸುತ್ತೇವೆ ಎಂಬುದರ ಮೇಲೆ ರೋಗ ಕಾಣುವುದೂ ಮರೆಯಾಗುವುದೂ ನಿಂತಿದೆ.

ಮುಂದಿನ ಸುಳಿವು ರಿವ್ಯೂದಲ್ಲಿ ಸಿಗುವುದಿಲ್ಲ, ಹಣ ಮರಳಿಸಿದ ಪಟ್ಟಿಯಲ್ಲಿ ಸಿಗುತ್ತದೆ. ಸೋರಿದ ಪೊಟ್ಟಣ ಕೈಗೆ ಬಂದವರೆಲ್ಲ ರಿವ್ಯೂ ಬರೆಯುವುದಿಲ್ಲ. ‘ಹಾಳಾಗಿ ಬಂದಿದೆ’ ಎಂದು ಒತ್ತಿ ದುಡ್ಡು ವಾಪಸ್ ಪಡೆದು ಮರೆತುಬಿಡುತ್ತಾರೆ. ಮಾರಾಟಗಾರರ ಖಾತೆಯಲ್ಲಿ ಇಂಥ ಪ್ರತಿಯೊಂದೂ ಆರ್ಡರ್ ಸಂಖ್ಯೆ, ಕಾರಣಗಳ ಸಮೇತ ದಾಖಲಾಗಿರುತ್ತದೆ. ಆ ವಾರ ಅಂಥವು 9, ಅವುಗಳಲ್ಲಿ 8 ಅರ್ಧ ಕಿಲೋದವು. ಆರ್ಡರ್ ಸಂಖ್ಯೆ ಸಿಕ್ಕಿದ್ದರಿಂದ ಪ್ಯಾಕ್ ಮಾಡಿದ ದಿನವೂ ಸಿಕ್ಕಿತು. ಎಂಟೂ ಹೊಸ ಪೊಟ್ಟಣದ ಚೀಲಗಳು ಬಂದ ಮೇಲೆ ತುಂಬಿದವು.

‘ಅಕ್ಕಾ, ಒಡದಾವು ಅಂದದ್ದೆಲ್ಲಾ ಅರ್ಧ ಕಿಲೋದ ಪಾಕೀಟ ಅದಾವು ನೋಡು. ಚೀಲ ಯಾವಾಗ ಬದಲಿ ಮಾಡಿದಿ?’

‘ಹದಿನೈದು ದಿನ ಆತು. ಇವು ಒಂದಿಂಚು ಗಿಡ್ಡ ಅದಾವು. ಅಗ್ಗ ಸಿಕ್ಕಾವಂತ ತಂದೆ.’

ಆ ಒಂದು ಇಂಚಿನಲ್ಲೇ ಕಾರಣ ಅಡಗಿತ್ತು. ಪೊಟ್ಟಣದ ಬಾಯಿಯನ್ನು ಬಿಸಿ ಪಟ್ಟಿಯ ನಡುವೆ ಒತ್ತಿದಾಗ ಒಳಗಿನ ಪ್ಲಾಸ್ಟಿಕ್ ಪದರಗಳೆರಡೂ ಕರಗಿ ಒಂದಕ್ಕೊಂದು ಬೆಸೆದುಕೊಳ್ಳಬೇಕು. ನಡುವೆ ಪುಡಿಯ ಧೂಳು ಕುಳಿತಿದ್ದರೆ ಆ ಜಾಗದಲ್ಲಿ ಬೆಸುಗೆ ಕೂಡುವುದಿಲ್ಲ. ಮೆಣಸಿನಪುಡಿ ನುಣ್ಣಗೆ, ಹಗುರಾಗಿ ಹಾರುವಂಥದ್ದು. ಚೀಲ ಎತ್ತರವಿದ್ದಾಗ ಪುಡಿಗೂ ಬಾಯಿಗೂ ಅಂತರವಿತ್ತು. ಗಿಡ್ಡ ಚೀಲದಲ್ಲಿ ಅದೇ ಅರ್ಧ ಕಿಲೋ ತುಂಬಿದಾಗ ಪುಡಿ ಬಾಯಿಯ ಹತ್ತಿರಕ್ಕೇ ಬಂತು. ನೋಡಲು ಬಾಯಿ ಮುಚ್ಚಿದಂತೆಯೇ ಕಾಣುತ್ತದೆ. ಲಾರಿಯಲ್ಲಿ ಮೇಲಿನ ಹೊರೆ ಒತ್ತಿದಾಗ, ಒಳಗಿನ ಗಾಳಿ ಹೊರಬರಲು ದಾರಿ ಹುಡುಕಿದಾಗ ಅಲ್ಲೇ ಬಿಟ್ಟುಕೊಳ್ಳುತ್ತದೆ.

ಇದು ಊಹೆಯೋ ನಿಜವೋ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ತುಂಬಿ ಇಟ್ಟಿದ್ದ ಪೊಟ್ಟಣಗಳಲ್ಲಿ ಇಪ್ಪತ್ತನ್ನು ಎತ್ತಿಕೊಂಡು, ಒಂದೊಂದನ್ನೇ ಬಕೆಟ್ ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ಒತ್ತಿದರು. ಮೂರರಿಂದ ಗುಳ್ಳೆ ಎದ್ದವು, ಮೂರೂ ಬಾಯಿಯ ಬೆಸುಗೆಯಿಂದಲೇ. ಗುಳ್ಳೆ ಪಕ್ಕದ ಮೂಲೆಯಿಂದ ಎದ್ದಿದ್ದರೆ ಚೀಲದ್ದೇ ತಪ್ಪು ಎನ್ನಬಹುದಿತ್ತು. ಹೊರಡುವ ಮುನ್ನ ನಾಲ್ಕೈದು ಪೊಟ್ಟಣಗಳನ್ನು ಸೊಂಟದೆತ್ತರದಿಂದ ಮೂಲೆ ಕೆಳಗಾಗಿ ಬೀಳಿಸಿ ನೋಡುವುದೂ ಒಳ್ಳೆಯ ಪರೀಕ್ಷೆ. ಕೊರಿಯರ್ ಗೋದಾಮಿನಲ್ಲಿ ಅದಕ್ಕಿಂತ ಹೆಚ್ಚಿನ ಮರ್ಯಾದೆ ಸಿಗುವುದಿಲ್ಲ. ಪರಿಹಾರವೂ ಸುಲಭವಾಗಿತ್ತು: ಹಳೆಯ ಎತ್ತರದ ಚೀಲ, ಬಾಯಿಗೆ ತಾಗದಂತೆ ಒಳಕ್ಕಿಳಿಯುವ ಉದ್ದ ಕೊಳವೆಯ ಆಲಿಕೆ, ಮುಚ್ಚುವ ಮುನ್ನ ಒಣಬಟ್ಟೆಯಿಂದ ಬಾಯಿಯ ಒಳಮೈ ಒಂದು ಸಲ ಒರೆಸುವುದು.

ಐದು ಮಂದಿಯ ಒಂದೇ ತಕರಾರು

ಇನ್ನು ಖಾರದ ಮಾತು. ಇದು ಬೇರೆ ಬಗೆಯ ಗಂಟು.

‘ಅಕ್ಕಾ, ಈ ವಾರನೂ ಖಾರ ಇಲ್ಲಂತ ಐದು ಮಂದಿ ಬರದಾರ.’

‘ಬ್ಯಾಡಗಿ ಮೆಣಸಿನಕಾಯಿಗೆ ಖಾರ ಎಲ್ಲಿಂದ ಬರಬೇಕೋ ತಮ್ಮಾ? ಅದನ್ನ ಬಣ್ಣಕ್ಕ ತಗೋತಾರ.’

‘ಅದು ನಿನಗ ಗೊತ್ತು, ನನಗ ಗೊತ್ತು. ದಿಲ್ಲ್ಯಾಗ ಕುಂತು ಆರ್ಡರ್ ಮಾಡಿದಾಕಿಗೆ ಹೆಂಗ ಗೊತ್ತಾಗಬೇಕು?’

ಅಕ್ಕ ಹೇಳಿದ್ದು ಸರಿ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಹೆಸರು ನಿಂತಿರುವುದೇ ಗಾಢ ಕೆಂಪು ಬಣ್ಣದ ಮೇಲೆ. ಡಬ್ಬಿ, ಕಡ್ಡಿ ಎರಡೂ ಬಗೆಗಳಲ್ಲಿ ಸಿಪ್ಪೆ ಸುಕ್ಕುಗಟ್ಟಿರುತ್ತದೆ, ಬಣ್ಣ ಹೆಚ್ಚು, ಗುಂಟೂರು ಮೆಣಸಿನಕಾಯಿಗೆ ಹೋಲಿಸಿದರೆ ಖಾರ ಬಹಳ ಕಡಿಮೆ. ಬಣ್ಣದ ಸಾರ ತೆಗೆಯುವ ಕಾರ್ಖಾನೆಗಳು ಇದನ್ನು ಕೊಳ್ಳುವುದೂ ಅದಕ್ಕೇ. ಸರಕಿನಲ್ಲಿ ದೋಷವಿಲ್ಲ.

ತಮ್ಮ ಹೇಳಿದ್ದೂ ಸರಿ. ಅವನೇ ಬರೆದ ಸರಕಿನ ಪುಟದ ಶೀರ್ಷಿಕೆಯಲ್ಲಿ ‘ಅಪ್ಪಟ ಖಾರದ ಪುಡಿ’ ಎಂದಿತ್ತು. ಉತ್ತರ ಕರ್ನಾಟಕದವರಿಗೆ ಖಾರದ ಪುಡಿ ಎಂದರೆ ಮೆಣಸಿನಪುಡಿಯ ಇನ್ನೊಂದು ಹೆಸರು, ಅಷ್ಟೇ. ಅದನ್ನು ಇಂಗ್ಲಿಷಿಗೂ ಹಿಂದಿಗೂ ಇಳಿಸುವಾಗ ಆ ಹೆಸರು ಒಂದು ಭರವಸೆಯಾಗಿಬಿಟ್ಟಿತು: ಈ ಪುಡಿ ಖಾರವಾಗಿರುತ್ತದೆ. ಕೊಂಡವರು ಒಂದು ಚಮಚ ಹಾಕಿ ನೋಡಿದರು, ಎರಡು ಚಮಚ ಹಾಕಿ ನೋಡಿದರು, ಕೊನೆಗೆ ಒಂದು ನಕ್ಷತ್ರ ಒತ್ತಿದರು. ಅದೇ ವಾರದ ಆರು ಹೊಗಳಿಕೆಗಳಲ್ಲಿ ಮೂರರಲ್ಲಿ ಏನಿತ್ತು ಗೊತ್ತೇ? ‘ಬಣ್ಣ ಅದ್ಭುತ, ಖಾರ ಹದವಾಗಿದೆ.’ ಒಂದೇ ಗುಣ ಒಬ್ಬರಿಂದ ಐದು ನಕ್ಷತ್ರ ತಂದಿದೆ, ಇನ್ನೊಬ್ಬರಿಂದ ಒಂದು ನಕ್ಷತ್ರ. ಒಂದೇ ಗುಣಕ್ಕೆ ಹೊಗಳಿಕೆಯೂ ತೆಗಳಿಕೆಯೂ ಜೊತೆಜೊತೆಗೆ ಬರುತ್ತಿದ್ದರೆ ತಪ್ಪು ಸರಕಿನದಲ್ಲ, ಅದರ ವರ್ಣನೆಯದು. ವಾರದ ಸಾರದಲ್ಲಿ ಹೊಗಳಿಕೆಯನ್ನೂ ಓದಿ ಬರೆದಿಡಬೇಕಾದದ್ದು ಇದಕ್ಕಾಗಿ.

ಇಲ್ಲಿ ಒಂದು ಆಸೆ ಹುಟ್ಟುತ್ತದೆ. ಹತ್ತು ಕಿಲೋ ಬ್ಯಾಡಗಿಗೆ ಒಂದೆರಡು ಕಿಲೋ ಗುಂಟೂರು ಸೇರಿಸಿದರೆ ದೂರು ನಿಲ್ಲುತ್ತದಲ್ಲ? ನಿಲ್ಲಬಹುದು. ಆದರೆ ಆಗ ಅದನ್ನು ಬ್ಯಾಡಗಿ ಪುಡಿ ಎಂದು ಮಾರುವುದು ಸುಳ್ಳಾಗುತ್ತದೆ, ಬಣ್ಣಕ್ಕೆಂದೇ ಕೊಳ್ಳುತ್ತಿದ್ದವರು ಕೈಬಿಡುತ್ತಾರೆ. ಅಕ್ಕ, ತಮ್ಮ ಮಾಡಿದ್ದು ಶೀರ್ಷಿಕೆಯಲ್ಲಿ ‘ಬ್ಯಾಡಗಿ ಮೆಣಸಿನಪುಡಿ: ಬಣ್ಣ ಹೆಚ್ಚು, ಖಾರ ಕಡಿಮೆ’ ಎಂದು ಬದಲಿಸಿದ್ದು. ವಿವರಣೆಯಲ್ಲಿ ‘ಹೆಚ್ಚು ಖಾರ ಬೇಕಾದರೆ ಬೇರೆ ಖಾರದ ಮೆಣಸಿನಪುಡಿ ಬೆರೆಸಿಕೊಳ್ಳಿ’ ಎಂಬ ಸಾಲು ಸೇರಿಸಿದರು. ಆಮೇಲೆ ಕೆಲವು ಆರ್ಡರು ಕಡಿಮೆಯಾದವು. ಅವು ಹೇಗೂ ಒಂದು ನಕ್ಷತ್ರವಾಗಿ ಮರಳುತ್ತಿದ್ದವು.

ಒಂದೇ ಸಲ ಬಂದರೂ ಸಾಕಾದ ದೂರು

ಮರುಕಳಿಸುವುದನ್ನೇ ಹುಡುಕುತ್ತ ಕುಳಿತರೆ ಒಂದು ಅಪಾಯವಿದೆ. ಗಂಟುಗಟ್ಟಿದೆ ಎಂಬ ದೂರು ಒಂದು, ಹುಳ ಕಂಡಿತು ಎಂಬ ದೂರೂ ಒಂದೇ. ಲೆಕ್ಕದಲ್ಲಿ ಎರಡೂ ಸಮ, ಆದರೆ ತೂಕ ಸಮವಲ್ಲ.

ಗಂಟಿನ ದೂರನ್ನು ಬರೆದಿಟ್ಟು ಕಾಯಬಹುದು. ಮಳೆಗಾಲದಲ್ಲಿ ಪುಡಿ ತೇವ ಹೀರುತ್ತದೆ. ಪೊಟ್ಟಣ ಬಿಚ್ಚಿದ ಮೇಲೆ ಅವರ ಅಡುಗೆಮನೆಯಲ್ಲೇ ಹಾಗಾಗಿರಬಹುದು. ಮುಂದಿನ ಎರಡು ಮೂರು ವಾರ ಮತ್ತೆ ಬಂದರೆ ನಮ್ಮ ಕಡೆ ನೋಡಬೇಕು. ಆಹಾರ ಸುರಕ್ಷತಾ ನಿಯಮದ ಪ್ರಕಾರ ಮೆಣಸಿನಪುಡಿಯಲ್ಲಿ ತೇವಾಂಶ ನೂರಕ್ಕೆ 11ನ್ನು ಮೀರಬಾರದು. ಒಣಗಿಸುವುದರಲ್ಲಿ ಅವಸರ ಮಾಡಿದ ಬ್ಯಾಚು ಆ ಗೆರೆಯನ್ನು ದಾಟಿರಬಹುದು.

ಹುಳದ ದೂರಿಗೆ ಎರಡನೆಯದು ಬರುವ ತನಕ ಕಾಯುವಂತಿಲ್ಲ. ಗಾಜಿನ ಚೂರು, ಕೂದಲು, ಅವಧಿ ಮುಗಿದ ತಾರೀಕು, ತಿಂದು ಆರೋಗ್ಯ ಕೆಟ್ಟಿತೆಂಬ ಮಾತು, ಬಣ್ಣ ಬೆರೆಸಿದ್ದಾರೆಂಬ ಅನುಮಾನ, ಇವೆಲ್ಲ ಇದೇ ಸಾಲಿನವು. ಇವನ್ನು ವಾರದ ಸಾರಕ್ಕೂ ಕಾಯಿಸದೆ ಕಂಡ ದಿನವೇ ಎತ್ತಿಕೊಳ್ಳಬೇಕು. ದಾಸ್ತಾನಿನ ಮೆಣಸಿನಕಾಯಿ, ಮೆಣಸಿನಪುಡಿಗೆ ಹತ್ತುವುದು ಹೆಚ್ಚಾಗಿ ಎರಡು ಮೂರು ಮಿಲಿಮೀಟರಿನ ಕಂದು ಜೀರುಂಡೆ. ಪೊಟ್ಟಣದ ಮೇಲೆ ಸೂಜಿಮೊನೆಯಷ್ಟು ತೂತು ಅದರ ಗುರುತು. ಗಿರಾಕಿ ಚಿತ್ರ ಹಾಕಿದ್ದರೆ ಬ್ಯಾಚ್ ಸಂಖ್ಯೆ ಓದಬಹುದು. ಪ್ರತಿ ಬ್ಯಾಚಿನಿಂದ ಒಂದೆರಡು ಪೊಟ್ಟಣವನ್ನು ಅವಧಿ ಮುಗಿಯುವವರೆಗೂ ತೆಗೆದಿಡುವ ಪದ್ಧತಿ ಇದ್ದರೆ ಈಗ ಅದು ಕೆಲಸಕ್ಕೆ ಬರುತ್ತದೆ. ಆ ಮಾದರಿ ಬಿಚ್ಚಿ ನೋಡಿ, ಉತ್ತರ ಸಿಗುವ ತನಕ ಆ ಬ್ಯಾಚಿನ ಮಾರಾಟ ನಿಲ್ಲಿಸಬೇಕು.

ಬಣ್ಣದ ಅನುಮಾನದ ಬಗ್ಗೆ ಒಂದು ಎಚ್ಚರ. ಒಂದು ಲೋಟ ನೀರಿನ ಮೇಲೆ ಪುಡಿ ಉದುರಿಸಿ, ಬಣ್ಣದ ಗೆರೆಗಳು ಕೆಳಗಿಳಿಯುತ್ತವೆಯೇ ಎಂದು ನೋಡುವ ಮನೆಪರೀಕ್ಷೆ ಇದೆ. ಅದು ನೀರಿನಲ್ಲಿ ಕರಗುವ ಕೃತಕ ಬಣ್ಣವನ್ನಷ್ಟೇ ತೋರಿಸುತ್ತದೆ. ಕುಖ್ಯಾತವಾದ ಸುಡಾನ್ ಬಣ್ಣ ಕರಗುವುದು ಎಣ್ಣೆಯಲ್ಲಿ. ಬ್ಯಾಡಗಿಯ ಸಹಜ ಬಣ್ಣವೂ ಎಣ್ಣೆಯಲ್ಲೇ ಬಿಡುತ್ತದೆ. ಇವೆರಡನ್ನೂ ಬೇರೆ ಮಾಡಿ ಹೇಳುವುದು ಪ್ರಯೋಗಾಲಯದ ವರದಿ ಮಾತ್ರ.

ಯಾರ ತಪ್ಪು, ಯಾರ ತಲೆಗೆ

ತಡವಾಗಿ ಬಂತು ಎಂದ ಇಬ್ಬರ ದೂರು ಉಳಿಯಿತು. ಇಲ್ಲಿ ರಿವ್ಯೂಗಳಲ್ಲಿ ಎರಡು ಬಗೆ ಇರುವುದನ್ನು ತಿಳಿದಿರಬೇಕು. ಒಂದು ಸರಕಿನ ಬಗ್ಗೆ, ಇನ್ನೊಂದು ಮಾರಾಟಗಾರನ ಬಗ್ಗೆ. ಕೊಳ್ಳುವವರು ಎರಡನ್ನೂ ಬೆರೆಸಿಬಿಡುತ್ತಾರೆ. ಕೊರಿಯರಿನವನ ಮೇಲಿನ ಸಿಟ್ಟು ಮೆಣಸಿನಪುಡಿಯ ನಕ್ಷತ್ರದ ಮೇಲೆ ಬೀಳುತ್ತದೆ. ಅಮೆಜಾನ್‌ನಲ್ಲಿ ಸರಕನ್ನು ತಾಣದ ಗೋದಾಮಿನಿಂದಲೇ ಕಳಿಸಿದ್ದರೆ, ಮಾರಾಟಗಾರನ ಮೇಲೆ ಬಿದ್ದ ‘ತಡವಾಯಿತು’ ಎಂಬ ದೂರನ್ನು ತಾಣ ಅಡ್ಡಗೆರೆ ಎಳೆದು ತನ್ನ ಮೇಲೆ ಹಾಕಿಕೊಳ್ಳುವ ವ್ಯವಸ್ಥೆ ಇದೆ. ಅದನ್ನು ಕೇಳಿಕೊಳ್ಳುವುದು ಲಾಭಕರ, ಏಕೆಂದರೆ ಮಾರಾಟಗಾರನ ಮೇಲಿನ ಒಂದು, ಎರಡು ನಕ್ಷತ್ರಗಳು ಅಲ್ಲಿ ‘ದೋಷದ ಆರ್ಡರ್’ ಲೆಕ್ಕಕ್ಕೆ ಸೇರುತ್ತವೆ. ಅರುವತ್ತು ದಿನಗಳ ಆ ಲೆಕ್ಕ ನೂರಕ್ಕೆ ಒಂದನ್ನು ಮುಟ್ಟದಂತೆ ನೋಡಿಕೊಳ್ಳಬೇಕು. ಮೀರಿದರೆ ಖಾತೆಗೇ ಬೀಗ ಬೀಳಬಹುದು.

ನಕ್ಷತ್ರ ಏರಿಸಲು ಅಡ್ಡದಾರಿಗಳೂ ಇವೆ. ಪೊಟ್ಟಣದೊಳಗೆ ‘ಐದು ನಕ್ಷತ್ರ ಕೊಡಿ, ಐವತ್ತು ರೂಪಾಯಿ ಪಡೆಯಿರಿ’ ಎಂಬ ಚೀಟಿ ಇಡುವುದು, ಬಂಧುಗಳಿಂದ ಬರೆಸುವುದು, ದೂರಿದವರ ಫೋನ್ ಹುಡುಕಿ ರಿವ್ಯೂ ತೆಗೆಸಲು ಕಾಡುವುದು. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟಗಾರ ತಾನೇ ಗ್ರಾಹಕನ ವೇಷ ಹಾಕಿ ರಿವ್ಯೂ ಬರೆಯುವಂತಿಲ್ಲ. 2022ರಲ್ಲಿ ಭಾರತೀಯ ಮಾನಕ ಸಂಸ್ಥೆ ಆನ್‌ಲೈನ್ ರಿವ್ಯೂಗಳಿಗೆಂದೇ `IS 19000:2022` ಎಂಬ ಮಾನದಂಡ ಹೊರಡಿಸಿದೆ. ಕಾನೂನಿನ ಮಾತು ಹಾಗಿರಲಿ, ಸ್ವಂತ ಲೆಕ್ಕಕ್ಕೂ ಇದು ನಷ್ಟ. ನೂರು ಸುಳ್ಳು ಹೊಗಳಿಕೆಯ ಅಡಿಯಲ್ಲಿ ಸೋರಿದ ನಾಲ್ಕು ಪೊಟ್ಟಣಗಳ ಸುದ್ದಿ ಹೂತುಹೋಗುತ್ತದೆ.

ದೂರು ಯಾವಾಗ ನಿಲ್ಲುತ್ತದೆ

ಚೀಲ ಬದಲಿಸಿದ ಮರುವಾರ ಸೋರಿಕೆಯ ದೂರು ಮತ್ತೆ 3 ಬಂತು. ಅಕ್ಕನಿಗೆ ಬೇಸರವಾಯಿತು. ತಮ್ಮ ಪ್ಯಾಕ್ ಮಾಡಿದ ತಾರೀಕು ತೆಗೆದು ನೋಡಿದಾಗ ಮೂರೂ ಹಳೆಯ ಗಿಡ್ಡ ಚೀಲದವು, ಆಗಲೇ ಗೋದಾಮಿನಲ್ಲೋ ದಾರಿಯಲ್ಲೋ ಇದ್ದವು. ಅದರ ಮುಂದಿನ ವಾರ 1, ಆಮೇಲೆ ಸೊನ್ನೆ. ರಿವ್ಯೂ ಬಂದ ದಿನದ ಲೆಕ್ಕವಷ್ಟೇ ಇಟ್ಟಿದ್ದರೆ ‘ಪರಿಹಾರ ಕೆಲಸ ಮಾಡಲಿಲ್ಲ’ ಎಂದು ಮತ್ತೇನನ್ನೋ ಬದಲಿಸಲು ಹೊರಡುತ್ತಿದ್ದರು.

ಒಂದೊಂದು ದೂರಿಗೂ ಒಂದೊಂದು ತಡ ಇದೆ. ಸೋರಿದ್ದು ಬಾಗಿಲಲ್ಲೇ ಗೊತ್ತಾಗುತ್ತದೆ. ಖಾರದ ಮಾತು ಒಂದೆರಡು ಅಡುಗೆಯಾದ ಮೇಲೆ ಬರುತ್ತದೆ. ಹುಳದ್ದು ತಿಂಗಳುಗಳ ನಂತರವೂ ಬರಬಹುದು. ಹಾಗಾಗಿ ಸೋರಿಕೆಯ ಪರಿಹಾರವನ್ನು ಎರಡು ಮೂರು ವಾರದಲ್ಲಿ ಅಳೆಯಬಹುದು, ಶೀರ್ಷಿಕೆ ಬದಲಿಸಿದ್ದರ ಫಲಕ್ಕೆ ತಿಂಗಳು ಕಾಯಬೇಕು. ಖಾರದ ದೂರು ಮುಂದಿನ ನಾಲ್ಕು ವಾರಗಳಲ್ಲಿ 4, 4, 2, 1 ಆಯಿತು. ಸೊನ್ನೆಯಾಗಲಿಲ್ಲ, ಶೀರ್ಷಿಕೆ ಓದದೆ ಕೊಳ್ಳುವವರು ಸದಾ ಇರುತ್ತಾರೆ. ಅಂಕಿ ಇಷ್ಟು ಚಿಕ್ಕದಿದ್ದಾಗ ಎರಡು ಒಂದಾದದ್ದಕ್ಕೆ ಹಿಗ್ಗಬೇಕಿಲ್ಲ, ಒಂದು ಎರಡಾದರೆ ಗಾಬರಿಯೂ ಬೇಡ. ನಾಲ್ಕು ವಾರ ಕೂಡಿಸಿ ನೋಡಿದರೆ ಸಾಕು.

ಹೀಗೆ ವಾರದ ಸಾರ ಒಂದು ಹಾಳೆಯಲ್ಲಿ ಮುಗಿಯುತ್ತದೆ. ಮೇಲೆ ಆರ್ಡರು, ರೇಟಿಂಗು, ವಾರದ ಸರಾಸರಿ. ನಡುವೆ ಮರುಕಳಿಸಿದ ಎರಡು ಅಥವಾ ಮೂರು ದೂರು. ಪ್ರತಿಯೊಂದರ ಪಕ್ಕ ಎಷ್ಟರಲ್ಲಿ ಎಷ್ಟು, ಹೊಸದೋ ಹಳೆಯದೋ, ಗಿರಾಕಿಯ ಒಂದು ಸಾಲು ಅವರ ಮಾತಿನಲ್ಲೇ, ಯಾರು ಯಾವ ದಿನದೊಳಗೆ ಏನು ಮಾಡಬೇಕು. ಕೊನೆಯಲ್ಲಿ ಹೋದ ವಾರ ಮಾಡುತ್ತೇವೆಂದದ್ದು ಆಯಿತೇ, ಫಲ ಕೊಟ್ಟಿತೇ. ಆ ಕೊನೆಯ ಸಾಲು ಖಾಲಿಯಿದ್ದರೆ ಮೇಲಿನದ್ದೆಲ್ಲ ಬರೆದೂ ವ್ಯರ್ಥ.

ಕೊಳ್ಳುವವರಿಗೂ ಒಂದು ಮಾತು. ಮುಂದೆ ರಿವ್ಯೂ ಬರೆಯುವಾಗ ‘ಕೆಟ್ಟ ಸರಕು, ಯಾರೂ ಕೊಳ್ಳಬೇಡಿ’ ಎನ್ನುವ ಬದಲು ಯಾವ ಗಾತ್ರದ ಪೊಟ್ಟಣ, ಎಲ್ಲಿಂದ ಸೋರಿತ್ತು, ಬ್ಯಾಚ್ ಸಂಖ್ಯೆ ಏನು ಎಂದು ಒಂದು ಸಾಲು ಬರೆಯಿರಿ, ಸಾಧ್ಯವಾದರೆ ಒಂದು ಚಿತ್ರ ಹಾಕಿ. ಅಷ್ಟಿದ್ದರೆ, ಓದುವ ಮಾರಾಟಗಾರನಿಗೆ ಗಿಡ್ಡ ಚೀಲದ ಆ ಒಂದು ಇಂಚನ್ನು ಹುಡುಕಲು ಎರಡು ವಾರ ಹಿಡಿಯುವುದಿಲ್ಲ.